ಆ ಎರಡು ಸಾಲನ್ನು ಯಾರು ಗುರುತಿಸಬೇಕು?

ಓದುಗರ ಪ್ರಶ್ನೆ: "ಇದು ನನ್ನ ಮೊದಲ ಚಿತ್ರಕಥೆ. ಲಾರಿ ಚಾಲಕ ರುದ್ರಪ್ಪ ಮತ್ತು ಅವನ ಮಗಳು ಶೋಭಾ ಮುಖ್ಯ ಪಾತ್ರಗಳು. ತೀರಿಹೋದ ತಾಯಿ ಹಾಡುತ್ತಿದ್ದ ಹಳೇ ಸಿನಿಮಾ ಹಾಡಿನ ಎರಡು ಸಾಲು ಮೂರು ಕಡೆ ಬರುತ್ತದೆ. ಕೊನೆಯಲ್ಲಿ ಹಾಸಿಗೆ ಹಿಡಿದ ಅಪ್ಪನಿಗೆ ಮಗಳು ಅದನ್ನೇ ಹಾಡುತ್ತಾಳೆ. ಅಪಘಾತದ ದೃಶ್ಯದಲ್ಲಿ ಒಂದು ಟೈರ್ ಕಂಪನಿಯ ಹೆಸರಿದೆ. ಗೆಳೆಯ ಮಂಜ ಮಾತೆತ್ತಿದರೆ ಒಬ್ಬ ಸ್ಟಾರ್ ನಟನ ಡೈಲಾಗ್ ಹೊಡೆಯುತ್ತಾನೆ. ನಿರ್ಮಾಪಕರು ಎಲ್ಲವನ್ನೂ ತೆಗೆಯಿರಿ ಎಂದಿದ್ದಾರೆ. ಮೂವತ್ತು ಸೆಕೆಂಡಿನೊಳಗೆ ಇದ್ದರೆ ತೊಂದರೆ ಇಲ್ಲ, ಕೃತಜ್ಞತೆ ಹಾಕಿದರೆ ಸಾಕು, ನಾಲ್ಕು ಪದ ಬದಲಿಸಿಬಿಡು ಎಂದು ಸ್ನೇಹಿತರು ಹೇಳುತ್ತಾರೆ. ತೆಗೆದರೆ ಕಥೆಯ ಜೀವವೇ ಹೋಗುತ್ತದೆ ಅನಿಸುತ್ತಿದೆ. ಏನು ಮಾಡಲಿ?"

ಉತ್ತರ: ನೀವು ಕಳಿಸಿದ ದೃಶ್ಯಗಳನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಪ್ರತಿ ಉಲ್ಲೇಖದ ಪಕ್ಕದಲ್ಲೂ ಒಂದೇ ಪ್ರಶ್ನೆ ಬರೆದುಕೊಂಡೆ: ಇದನ್ನು ಗುರುತಿಸಬೇಕಾದವರು ಯಾರು, ಪಾತ್ರಗಳೇ ಅಥವಾ ಪ್ರೇಕ್ಷಕರೇ? ಹದಿನೈದು ವರ್ಷಗಳಿಂದ ಚಿತ್ರಕಥೆಗಳ ಹಕ್ಕು ಪರಿಶೀಲನೆ ಮಾಡುತ್ತಿದ್ದೇನೆ. ಕಾನೂನಿನ ಪುಟ ತೆರೆಯುವ ಮೊದಲು ಈ ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ಪ್ರೇಕ್ಷಕರು ಗುರುತಿಸಲೇಬೇಕು ಎಂದಾದರೆ ಅಸಲಿಗೆ ಬದಲಿ ಸಿಗುವುದು ಕಷ್ಟ, ಅನುಮತಿಯ ದಾರಿ ಹಿಡಿಯಬೇಕು. ಪಾತ್ರಗಳು ಗುರುತಿಸಿದರೆ ಸಾಕು ಎಂದಾದರೆ ನೀವೇ ಬರೆದದ್ದು ಅಸಲಿಗಿಂತ ಚೆನ್ನಾಗಿ ಕೆಲಸ ಮಾಡಬಹುದು. ನಿಮ್ಮ ಚಿತ್ರಕಥೆಯಲ್ಲಿರುವ ಮೂರೂ ಎರಡನೆಯ ಬಗೆಯವು. ಆದ್ದರಿಂದ ಗಾಬರಿಯಾಗಬೇಡಿ.

ಹಾಡಿನಿಂದಲೇ ಶುರುಮಾಡೋಣ. ಅಪಾಯ ಹೆಚ್ಚಿರುವುದೂ ಅಲ್ಲೇ, ಕಥೆಯ ಭಾರ ನಿಂತಿರುವುದೂ ಅಲ್ಲೇ.

ಮೂವತ್ತು ಸೆಕೆಂಡಿನ ನಿಯಮ ಭಾರತದ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಎರಡು ಸಾಲು, ಎಂಟು ಮಾತ್ರೆ, ಹತ್ತು ಪರ್ಸೆಂಟ್ ಎಂದು ಕೇಳಿಬರುವ ಅಳತೆಗಳೆಲ್ಲ ಬಾಯಿಂದ ಬಾಯಿಗೆ ಬಂದವು. ಎಷ್ಟು ತೆಗೆದುಕೊಂಡಿರಿ ಎಂಬುದರ ಜೊತೆಗೆ ಯಾವ ಭಾಗ ತೆಗೆದುಕೊಂಡಿರಿ ಎಂಬುದನ್ನೂ ನ್ಯಾಯಾಲಯ ನೋಡುತ್ತದೆ. ಹನ್ನೆರಡು ಸಾಲಿನ ಹಾಡಿನಲ್ಲಿ ಜನ ನೆನಪಿಟ್ಟುಕೊಳ್ಳುವುದು ಪಲ್ಲವಿಯ ಎರಡು ಸಾಲನ್ನು, ನೀವು ಎತ್ತಿಕೊಂಡಿರುವುದೂ ಅವನ್ನೇ. ಅಲ್ಪ ಬಳಕೆಯನ್ನು ನ್ಯಾಯಾಲಯ ಮನ್ನಿಸಿದ ಉದಾಹರಣೆ ಇಲ್ಲದಿಲ್ಲ. ಒಂದು ಗ್ರಾಹಕ ಜಾಗೃತಿ ಜಾಹೀರಾತಿನಲ್ಲಿ ಜನಪ್ರಿಯ ಚಿತ್ರಗೀತೆಯ ಕೆಲವೇ ಪದ ಬಳಸಿದ್ದ ಪ್ರಕರಣದಲ್ಲಿ, ಇಷ್ಟು ಕ್ಷುಲ್ಲಕ ಬಳಕೆಯನ್ನು ಉಲ್ಲಂಘನೆ ಎಂದು ಎಣಿಸಬೇಕಿಲ್ಲ ಎಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರಲ್ಲಿ ಹೇಳಿತು. ನಿಮ್ಮ ಸ್ನೇಹಿತರು ಈ ತೀರ್ಪನ್ನು ತೋರಿಸಬಹುದು. ಆದರೆ ಅದು ಬಂದದ್ದು ಮೇಲ್ಮನವಿಯಲ್ಲಿ. ಅದಕ್ಕೂ ಮೊದಲು ಏಕಸದಸ್ಯ ಪೀಠದ ಆದೇಶ ಬಳಸಿದವರ ವಿರುದ್ಧವೇ ಇತ್ತು. ಬಿಡುಗಡೆಯ ವಾರದಲ್ಲಿ ತಡೆಯಾಜ್ಞೆ ಬಂದು, ಕೊನೆಗೊಂದು ದಿನ ನೀವೇ ಗೆದ್ದರೆ, ಆ ಗೆಲುವನ್ನು ಇಟ್ಟುಕೊಂಡು ಸಣ್ಣ ಬಜೆಟ್ಟಿನ ನಿರ್ಮಾಪಕರು ಏನು ಮಾಡಬೇಕು? ಅವರ ಹೆದರಿಕೆಗೆ ಕಾರಣ ಇದು. ಅದನ್ನು ಅತಿ ಎನ್ನಲಾರೆ.

ಕೃತಜ್ಞತೆ ಹಾಕುವುದು ಸೌಜನ್ಯ. ಅದು ಅನುಮತಿ ಆಗುವುದಿಲ್ಲ. ಯಾರ ಸ್ವತ್ತು ಎಂದು ನಿಮಗೆ ಗೊತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿಯೂ ಆಗಬಹುದು.

ನಾಲ್ಕು ಪದ ಬದಲಿಸುವ ಸಲಹೆ ಇವೆಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ಜಾಣತನದಂತೆ ಕಾಣುತ್ತದೆ. ಹಾಡಿನಲ್ಲಿ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು, ಧ್ವನಿಮುದ್ರಣ ಮೂರನೆಯದು. ಶೋಭಾ ತನ್ನ ಬಾಯಲ್ಲೇ ಹಾಡಿದರೆ ಧ್ವನಿಮುದ್ರಣದ ಹಕ್ಕು ಬೇಕಾಗುವುದಿಲ್ಲ. ಆದರೆ ಸಾಹಿತ್ಯದ ಹಕ್ಕೂ ಬೇಕು, ರಾಗಸಂಯೋಜನೆಯ ಹಕ್ಕೂ ಬೇಕು. ಪದ ಬದಲಿಸಿ ಅದೇ ಧಾಟಿಯಲ್ಲಿ ಹಾಡಿಸಿದರೆ ಸಂಗೀತ ಹಾಗೆಯೇ ಉಳಿಯಿತು, ಸಾಹಿತ್ಯ ರೂಪಾಂತರ ಆಯಿತು. ರೂಪಾಂತರಕ್ಕೂ ಮೂಲದವರ ಅನುಮತಿಯೇ ಬೇಕು. ಜೊತೆಗೆ ಕೇಳಿದವರಿಗೆಲ್ಲ ಹಳೇ ಹಾಡೇ ನೆನಪಾಗುತ್ತದೆ. ಹಾಗೆ ನೆನಪಾಗಲಿ ಎಂದೇ ತಾನೇ ನೀವು ಅದನ್ನು ಇಟ್ಟದ್ದು?

ಅನುಮತಿಯ ದಾರಿಯನ್ನೂ ಪೂರ್ತಿ ಹೇಳಿಬಿಡುತ್ತೇನೆ. ಹಳೇ ಚಿತ್ರಗೀತೆಯ ಹಕ್ಕು ಚಿತ್ರ ನಿರ್ಮಾಪಕರಿಂದ ಆಡಿಯೋ ಕಂಪನಿಗೆ ಹೋಗಿರಬಹುದು, ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿರಬಹುದು, ಸಾಹಿತ್ಯದ ಹಕ್ಕು ಕವಿಯ ಮಕ್ಕಳಲ್ಲಿ ಉಳಿದಿರಬಹುದು. ಕ್ಯಾಸೆಟ್ಟಿನ ಮೇಲೆ ಹೆಸರಿರುವವರೇ ಒಡೆಯರು ಎಂದುಕೊಳ್ಳಬೇಡಿ, ಅವರ ಕೈಗೆ ಹಕ್ಕು ಬಂದ ಕರಾರಿನ ಪ್ರತಿ ಕೇಳಿ. ನೀವು ಕಳಿಸುವ ಪತ್ರದಲ್ಲಿ ದೃಶ್ಯದ ವಿವರ, ಯಾರು ಹಾಡುತ್ತಾರೆ, ಎಷ್ಟು ಸೆಕೆಂಡು, ಎಷ್ಟು ಸಲ, ಯಾವ ದೇಶಗಳು, ಚಿತ್ರಮಂದಿರ ಮಾತ್ರವೋ ಒಟಿಟಿ ಮತ್ತು ಟಿವಿಯೂ ಸೇರಿಯೋ, ಎಷ್ಟು ವರ್ಷಕ್ಕೆ ಎಂಬುದಿಷ್ಟು ಇರಲೇಬೇಕು. ಇದರಲ್ಲಿ ಒಂದನ್ನು ಬಿಟ್ಟರೂ ಬರುವ ಬೆಲೆ ನಿಮ್ಮ ಚಿತ್ರಕ್ಕೆ ಹೊಂದುವುದಿಲ್ಲ. ಚಿತ್ರೋತ್ಸವಕ್ಕೆ ಮಾತ್ರ ಎಂದು ಕಡಿಮೆ ಬೆಲೆಗೆ ಪಡೆದವರು ಚಿತ್ರ ಮಾರಾಟವಾದ ಮೇಲೆ ಪುನಃ ಮಾತಿಗೆ ಕೂರಬೇಕಾಗುತ್ತದೆ. ಆಗ ಚೌಕಾಸಿಯ ಬಲವೆಲ್ಲ ಎದುರಿನವರ ಕೈಯಲ್ಲಿರುತ್ತದೆ. ಹಾಗಾಗಿ ಉತ್ಸವಕ್ಕೆ ಪಡೆಯುವಾಗಲೇ ಮುಂದಿನ ಹಂತದ ಬೆಲೆಯನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಬೇಕು. ಇನ್ನೊಂದು ಮಾತು: ಇಬ್ಬರು ಒಡೆಯರಿದ್ದಾಗ, ಇನ್ನೊಬ್ಬರಿಗೆ ಹೆಚ್ಚು ಕೊಟ್ಟರೆ ನನಗೂ ಅಷ್ಟೇ ಕೊಡಬೇಕು ಎಂಬ ಷರತ್ತು ಬರುವುದು ಸಾಮಾನ್ಯ. ಆಗ ಅತಿ ಹೆಚ್ಚು ಪಡೆದವರ ದರವೇ ಎಲ್ಲರ ದರವಾಗುತ್ತದೆ.

ನಿಮ್ಮ ಹಾಡನ್ನೇ ನೋಡಿ. ಮೊದಲ ದೃಶ್ಯದಲ್ಲಿ ಅಪ್ಪ ಒಂದು ಸಾಲು ಗುನುಗುತ್ತಾನೆ, ಮಗಳು ಮುಂದಿನ ಸಾಲು ಮುಗಿಸುತ್ತಾಳೆ. ತಾಯಿ ಇಬ್ಬರೊಳಗೂ ಇದ್ದಾಳೆ ಎಂದು ನಮಗೆ ಗೊತ್ತಾಗುವುದು ಹೀಗೆ. ಇಲ್ಲಿ ಹಾಡನ್ನು ಗುರುತಿಸಬೇಕಾದವರು ಆ ಇಬ್ಬರು ಮಾತ್ರ. ಪ್ರೇಕ್ಷಕರಿಗೆ ಅದು ಮೊದಲೇ ಗೊತ್ತಿದ್ದರೆ ಅವರು ತಮ್ಮ ನೆನಪಿನ ನಾಯಕಿಯನ್ನು, ತಮ್ಮ ಕಾಲೇಜಿನ ದಿನಗಳನ್ನು ದೃಶ್ಯದೊಳಗೆ ತರುತ್ತಾರೆ. ಆಗ ನಿಮ್ಮ ರುದ್ರಪ್ಪನ ಹೆಂಡತಿ ಹಿಂದಕ್ಕೆ ಸರಿಯುತ್ತಾಳೆ. ಖ್ಯಾತ ಹಾಡು ದೃಶ್ಯಕ್ಕೆ ಭಾವ ತರುತ್ತದೆ ನಿಜ, ಆ ಭಾವ ಬೇರೆ ಚಿತ್ರದ್ದು.

ಹೊಸ ಸಾಲು ಬರೆಯುವ ಮುನ್ನ ಹಳೆಯದು ಮಾಡುತ್ತಿದ್ದ ಕೆಲಸವನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಾನು ಬರೆದುಕೊಂಡದ್ದು ಇದು: ಕಾಯುವ ಹೆಂಗಸಿನ ಹಾಡು. ಮೊದಲ ಸಾಲು ಅರ್ಧಕ್ಕೆ ನಿಂತಂತಿದ್ದು ಎರಡನೆಯದನ್ನು ಕೇಳುವಂತಿರಬೇಕು. ವಾದ್ಯವಿಲ್ಲದೆ, ಹಾಡಲು ಬಾರದವನ ಬಾಯಲ್ಲೂ ನಿಲ್ಲಬೇಕು. ಕೊನೆಯ ದೃಶ್ಯದಲ್ಲಿ ಅರ್ಥ ತಿರುಗಬೇಕು. ಇಷ್ಟು ಬರೆದ ಮೇಲೆ ಹಳೇ ಹಾಡನ್ನು ಕೇಳುವುದನ್ನು ನಿಲ್ಲಿಸಿ.

ನಿಲ್ಲಿಸಿ ಎಂದು ಒತ್ತಿ ಹೇಳಲು ಕಾರಣವಿದೆ. ನೀವು ಪತ್ರದ ಜೊತೆ ಕಳಿಸಿದ ನಿಮ್ಮದೇ ಪ್ರಯತ್ನದಲ್ಲಿ ಕಿಟಕಿ, ಚಂದ್ರ, ದಾರಿ ಮೂರೂ ಇವೆ. ಹಳೇ ಹಾಡಿನಲ್ಲೂ ಇದೇ ಮೂರು ಇದೇ ಕ್ರಮದಲ್ಲಿ ಬರುತ್ತವೆ. ಸಾಲಿನ ಕೊನೆಯ ಪ್ರಾಸವೂ ಅದೇ. ಒಂದು ಪದವನ್ನೂ ನಕಲು ಮಾಡಿಲ್ಲ ಎಂದು ನೀವು ಪ್ರಾಮಾಣಿಕವಾಗಿಯೇ ಬರೆದಿದ್ದೀರಿ, ನಂಬುತ್ತೇನೆ. ಕಿವಿಯಲ್ಲಿ ಕೂತ ಹಾಡು ಕೈಯನ್ನು ತನ್ನ ದಾರಿಗೇ ಎಳೆಯುತ್ತದೆ. ಬರೀ ಚಂದ್ರನ ಮೇಲೆ ಯಾರಿಗೂ ಹಕ್ಕಿಲ್ಲ, ಕಾಯುವುದು ಎಂಬ ವಿಷಯದ ಮೇಲೂ ಇಲ್ಲ. ಆದರೆ ಪದಚಿತ್ರಗಳ ಆಯ್ಕೆ, ಅವುಗಳ ಕ್ರಮ, ಛಂದಸ್ಸು, ಪ್ರಾಸ ಎಲ್ಲ ಒಟ್ಟಿಗೆ ಹೊಂದಿಕೊಂಡಾಗ ಅದು ಅಭಿವ್ಯಕ್ತಿಯ ನಕಲಿಗೆ ಹತ್ತಿರವಾಗುತ್ತದೆ.

ಹಾಗಾಗಿ ಪದಚಿತ್ರಗಳನ್ನು ಹಳೇ ಹಾಡಿನಿಂದ ತರದೆ ನಿಮ್ಮ ಪಾತ್ರಗಳ ಬದುಕಿನಿಂದಲೇ ತನ್ನಿ. ರುದ್ರಪ್ಪ ಲಾರಿ ಓಡಿಸುವವನು. ಅವನು ರಾತ್ರಿ ಬರುವುದು ಹೆಂಡತಿಗೆ ಹೇಗೆ ತಿಳಿಯುತ್ತಿತ್ತು? ಹಾರನ್ನಿನಿಂದ. ಇದನ್ನು ಹಿಡಿದು ನಾನೊಂದು ಮಾದರಿ ಬರೆದೆ:

"ಎರಡು ಸಲ ಹಾರನ್ ಹೊಡಿ, ದೀಪ ಹಚ್ಚುವೆ
ಒಂದೇ ಸಲ ಕೇಳಿದರೆ, ಬೇರೆಯವರು ಅನ್ನುವೆ"

ಇದು ಶ್ರೇಷ್ಠ ಕವಿತೆಯಲ್ಲ, ಆಗಬೇಕಾಗಿಯೂ ಇಲ್ಲ. ಅವಳು ಕೆಲಸ ಮಾಡುತ್ತಾ ಕಟ್ಟಿಕೊಂಡ ಹಾಡು ಎಂದು ನಂಬಿಕೆ ಬರುವಂತಿದ್ದರೆ ಸಾಕು. ಮೊದಲ ಸಾಲು ಕೇಳಿದವರಿಗೆ, ಒಂದೇ ಸಲ ಹೊಡೆದರೆ ಏನಾಗುತ್ತದೆ ಎಂಬ ಕುತೂಹಲ ಉಳಿಯುತ್ತದೆ. ಶೋಭಾ ಅದನ್ನು ಮುಗಿಸುತ್ತಾಳೆ. ಈಗ ನಿಮ್ಮ ಕೊನೆಯ ದೃಶ್ಯಕ್ಕೆ ಬನ್ನಿ. ಅವಳು ಹಾಡಬೇಕಾಗಿಯೇ ಇಲ್ಲ. ಲಾರಿ ಓಡಿಸಲು ಕಲಿತ ಮಗಳು ರಾತ್ರಿ ಮನೆಯ ಮುಂದೆ ಬಂದು ಎರಡು ಸಲ ಹಾರನ್ ಹೊಡೆಯುತ್ತಾಳೆ. ಒಳಗೆ ಹಾಸಿಗೆಯಲ್ಲಿರುವ ಅಪ್ಪನ ಕೈ ಸ್ವಿಚ್ಚಿನತ್ತ ಚಾಚುತ್ತದೆ. ಹಳೇ ಹಾಡಿನಿಂದ ಈ ದೃಶ್ಯ ಹುಟ್ಟುತ್ತಿರಲಿಲ್ಲ, ಏಕೆಂದರೆ ಅದರೊಳಗೆ ಲಾರಿ ಇರಲಿಲ್ಲ.

ಒಂದು ಎಚ್ಚರಿಕೆ. ಹೊಸ ಹಾಡು ಪ್ರೇಕ್ಷಕರಿಗೆ ಅಪರಿಚಿತ. ಆದ್ದರಿಂದ ಬಿತ್ತಿ ಬೆಳೆಸಬೇಕು. ನಿಮ್ಮ ಈಗಿನ ಪ್ರತಿಯಲ್ಲಿ ಹಾಡು ಮೊದಲ ಸಲ ಬರುವುದು 12ನೆಯ ಪುಟದಲ್ಲಿ, ಮಾತಿನ ನಡುವೆ ತೇಲಿಹೋಗುತ್ತದೆ. ಗೊತ್ತಿದ್ದ ಹಾಡಿಗೆ ಅಷ್ಟು ಸಾಕಿತ್ತು. ಹೊಸದಕ್ಕೆ ಒಂದು ಪೂರ್ತಿ ಕ್ಷಣ ಕೊಡಿ, ಸುತ್ತ ಮಾತಿರದಂತೆ ಕೇಳಿಸಿ. 47ನೆಯ ಪುಟದಲ್ಲಿ ಮೊದಲ ಸಾಲು ಮಾತ್ರ ಬಂದು ಎರಡನೆಯದು ಬಾರದೆ ಉಳಿಯಲಿ. ಆಗ ಕೊನೆಯ ಹಾರನ್ ಎಲ್ಲರಿಗೂ ಅರ್ಥವಾಗುತ್ತದೆ.

ಬರೆದಾದ ಮೇಲೆ ಪರೀಕ್ಷೆ ಹೀಗೆ. ಕಥೆ ಗೊತ್ತಿಲ್ಲದ ನಾಲ್ಕು ಜನಕ್ಕೆ, ಅವರಲ್ಲಿ ಹಳೇ ಹಾಡುಗಳ ಹುಚ್ಚಿರುವ ಒಬ್ಬರಾದರೂ ಇರಲಿ, ಹಾಡಿ ಕೇಳಿಸಿ. "ಚೆನ್ನಾಗಿದೆಯೇ" ಎಂದು ಕೇಳಬೇಡಿ, "ಯಾವುದಾದರೂ ನೆನಪಾಯಿತೇ" ಎಂದು ಕೇಳಿ. ಇಬ್ಬರು ಒಂದೇ ಹಾಡಿನ ಹೆಸರು ಹೇಳಿದರೆ ತಿದ್ದಬೇಡಿ, ಹರಿದು ಮತ್ತೆ ಬರೆಯಿರಿ. ಸಂಗೀತ ಸಂಯೋಜಕರಿಗೂ ಇದೇ ನಿಯಮ. ಹಳೇ ಹಾಡನ್ನು ಕೇಳಿಸಿ "ಇಂಥದ್ದು ಬೇಕು" ಎಂದರೆ ಇಂಥದ್ದೇ ಬರುತ್ತದೆ. ಅವರಿಗೆ ಮಾತಿನಲ್ಲಿ ಹೇಳಿ: ನಡಿಗೆಯ ವೇಗ, ಐದು ಸ್ವರದೊಳಗೆ ಮುಗಿಯುವ ಧಾಟಿ, ತೊಟ್ಟಿಲು ತೂಗುವ ಲಯ. ಪ್ರತಿ ಕರಡಿನ ಮೇಲೂ ತಾರೀಖು ಹಾಕಿ ಇಟ್ಟುಕೊಳ್ಳಿ. ಮುಂದೊಂದು ದಿನ ಯಾರಾದರೂ ಪ್ರಶ್ನಿಸಿದರೆ ನೀವು ಎಲ್ಲಿಂದ ಎಲ್ಲಿಗೆ ಬಂದಿರಿ ಎಂದು ತೋರಿಸಲು ಅದೇ ದಾಖಲೆ.

ಹಾಡನ್ನು ಗೆಳೆಯರೊಬ್ಬರು ಪ್ರೀತಿಯಿಂದ ಬರೆದುಕೊಟ್ಟರೂ ಹಕ್ಕಿನ ಕಾಗದ ಮಾಡಿಸಿಕೊಳ್ಳಿ. ಇಲ್ಲಿ ಬಹಳ ಜನ ಎಡವುತ್ತಾರೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಎಣಿಸಲಾಗುತ್ತದೆ. ಬೇರೆಯವರ ಹಾಡನ್ನು ತೆಗೆದು ನಿಮ್ಮದನ್ನೇ ಹಾಕಿಕೊಂಡಿರಿ, ಆರನೆಯ ವರ್ಷ ಅದೂ ನಿಮ್ಮದಲ್ಲದಂತಾಯಿತು ಎಂದರೆ ಪಟ್ಟ ಪಾಡೆಲ್ಲ ವ್ಯರ್ಥ.

ಹಕ್ಕಿನ ಅವಧಿ ಮುಗಿದ ಹಳೆಯ ರಚನೆಗಳನ್ನು ಬಳಸುವ ದಾರಿಯೂ ಇದೆ. ಭಾರತದಲ್ಲಿ ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ, ಯುರೋಪಿನ ಒಕ್ಕೂಟದಲ್ಲಿ 70. ನಿಮ್ಮ ಚಿತ್ರ ಎಲ್ಲೆಲ್ಲಿ ತೋರಿಸಲ್ಪಡುತ್ತದೋ ಅಲ್ಲಲ್ಲಿಯ ಲೆಕ್ಕ ಬೇಕು. ವಚನಗಳೂ ದಾಸರ ಪದಗಳೂ ಶತಮಾನಗಳ ಹಿಂದಿನವು, ಅವುಗಳ ಸಾಹಿತ್ಯಕ್ಕೆ ಅಡ್ಡಿಯಿಲ್ಲ. ಆದರೆ ಈಗ ನಮ್ಮ ಕಿವಿಯಲ್ಲಿರುವ ಧಾಟಿಗಳಲ್ಲಿ ಎಷ್ಟೋ ಇತ್ತೀಚಿನ ಸಂಯೋಜಕರವು. ಹಳೆಯ ಪದವನ್ನು ಅದೇ ಪರಿಚಿತ ಧಾಟಿಯಲ್ಲಿ ಹಾಡಿಸಿದರೆ ಸಂಗೀತದ ಹಕ್ಕು ಅಡ್ಡ ಬರುತ್ತದೆ. ಪದ ಹಳೆಯದು, ಧಾಟಿ ಹೊಸದಾಗಿ ಹಾಕಿಸಿದ್ದು ಎಂದಾದರೆ ನಿಶ್ಚಿಂತೆ. ನಿಮ್ಮ ಕಥೆಗೆ ಮಾತ್ರ ಇದು ಬೇಡ ಅನಿಸುತ್ತದೆ. ಇಡೀ ಊರಿಗೆ ಗೊತ್ತಿರುವ ಪದ ಆ ತಾಯಿಯೊಬ್ಬಳದೇ ಆಗುವುದಿಲ್ಲ.

ಇನ್ನು ಟೈರು. ಈ ವಿಷಯದಲ್ಲಿ ನಿಮ್ಮ ನಿರ್ಮಾಪಕರ ಭಯ ಅರ್ಧ ಸರಿ. ಕಥೆಯಲ್ಲಿ ಕಂಪನಿಯ ಹೆಸರು ಬರುವುದೇ ತಪ್ಪು ಎಂಬುದು ನಿಜವಲ್ಲ. ಟ್ರೇಡ್‌ಮಾರ್ಕ್ ಎಂಬುದು ಈ ಸರಕು ಯಾರದ್ದು ಎಂಬ ಗೊಂದಲ ತಡೆಯಲು ಇರುವ ಹಕ್ಕು. ಪಾತ್ರವೊಂದು ಬೈಕಿನ ಹೆಸರು ಹೇಳಿದ ಮಾತ್ರಕ್ಕೆ ಆ ಬೈಕಿನ ಕಂಪನಿಯೇ ಚಿತ್ರ ಮಾಡಿದೆ ಎಂದು ಯಾರೂ ತಿಳಿಯುವುದಿಲ್ಲ. ಅಮೆರಿಕದ ಒಂದು ಹಾಸ್ಯಚಿತ್ರದಲ್ಲಿ ಪ್ರಸಿದ್ಧ ಚೀಲದ ಕಂಪನಿಯ ನಕಲಿ ಚೀಲ ಬಂದದ್ದಕ್ಕೆ ಆ ಕಂಪನಿ ಹೂಡಿದ ಮೊಕದ್ದಮೆಯನ್ನು 2012ರಲ್ಲಿ ನ್ಯಾಯಾಲಯ ವಜಾ ಮಾಡಿತು. ಆದರೆ ಅದೇ ಹೆಸರು ಪೋಸ್ಟರಿನಲ್ಲೋ ಶೀರ್ಷಿಕೆಯಲ್ಲೋ ಬಂದರೆ ಮಾತು ಬೇರೆ, ಆಗ ಅದರಿಂದ ನೀವು ಚಿತ್ರ ಮಾರುತ್ತಿದ್ದೀರಿ.

ನಿಮ್ಮ ದೃಶ್ಯದ ತೊಂದರೆ ಟ್ರೇಡ್‌ಮಾರ್ಕಿನದಲ್ಲ, ಆರೋಪದ್ದು. "ಈ ಕಂಪನಿ ಟೈರೇ ಹಿಂಗೆ, ಬಿಸಿಲಿಗೆ ಸಿಡೀತವೆ" ಎಂದು ಮಂಜ ಹೇಳುತ್ತಾನೆ. ಒಡನೆಯೇ ಟೈರು ಸಿಡಿದು ಅಪಘಾತ ಆಗುತ್ತದೆ. ಪಾತ್ರದ ಮಾತನ್ನು ಕಥೆಯೇ ನಿಜ ಮಾಡಿ ತೋರಿಸಿತು. ಇರುವ ಸರಕೊಂದರ ಬಗ್ಗೆ ಪುರಾವೆಯಿಲ್ಲದ ಕೆಟ್ಟ ಮಾತು ಇದು, ಸರಕಿನ ಮಾನಹಾನಿಯ ದಾವೆಗೆ ಬಾಗಿಲು ತೆರೆಯುತ್ತದೆ. ಮೊಕದ್ದಮೆಯವರೆಗೆ ಹೋಗದಿದ್ದರೂ ವಾಹಿನಿಗಳು ಕೇಳುತ್ತವೆ, ಏಕೆಂದರೆ ಅದೇ ಕಂಪನಿ ಅವರ ಜಾಹೀರಾತುದಾರ ಆಗಿರಬಹುದು.

ಒಂದಕ್ಷರ ಬದಲಿಸಿದ ಹೆಸರು ಇಡುವ ಯೋಚನೆ ಬೇಡ. ಯಾರನ್ನು ಕುರಿತು ಹೇಳಿದ್ದು ಎಂದು ಎಲ್ಲರಿಗೂ ತಿಳಿಯುತ್ತದೆ, ಮುಚ್ಚಿಡಲು ಯತ್ನಿಸಿದಿರಿ ಎಂಬುದೂ ತಿಳಿಯುತ್ತದೆ. ಪೂರ್ತಿ ಕಲ್ಪಿತ ಹೆಸರು ಇಡುವುದಾದರೆ ಟ್ರೇಡ್‌ಮಾರ್ಕ್ ದಾಖಲೆಯಲ್ಲಿ ಆ ಸರಕಿನ ವರ್ಗವನ್ನು ಹುಡುಕಬೇಕು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಒಟ್ಟು 45 ವರ್ಗಗಳಿವೆ, ಟೈರುಗಳು ಬರುವುದು 12ನೆಯದರಲ್ಲಿ. ಬರಹದಲ್ಲಿ ಬೇರೆ ಇದ್ದರೂ ಉಚ್ಚಾರದಲ್ಲಿ ಒಂದೇ ಆಗುವ ಹೆಸರುಗಳನ್ನೂ ನೋಡಿ. ಕಲಾ ವಿಭಾಗದವರು ಲೋಗೋ ಮಾಡುವಾಗ ಪರಿಚಿತ ಕಂಪನಿಯ ಬಣ್ಣ ಮತ್ತು ಅಕ್ಷರದ ಶೈಲಿ ಹಿಡಿಯದಂತೆ ಹೇಳಿ. ಹೆಸರು ಬದಲಾಗಿ ಬಣ್ಣ ಉಳಿದರೆ ಕಣ್ಣಿಗೆ ಹಳೇ ಕಂಪನಿಯೇ ಕಾಣುತ್ತದೆ.

ಆದರೆ ನಿಮಗೆ ಹೆಸರೇ ಬೇಕಿಲ್ಲ. ಟೈರು ಏಕೆ ಸಿಡಿಯಿತು ಎಂದು ಕೇಳಿಕೊಳ್ಳಿ. ಅದು ಸವೆದ ಟೈರಿಗೆ ಮೇಲೆ ಹೊಸ ರಬ್ಬರ್ ಕೂರಿಸಿದ ರೀಟ್ರೆಡ್ ಟೈರಾಗಿರಲಿ, ಎರಡನೆಯ ಸಲ ಹಾಗೆ ಮಾಡಿಸಿದ್ದಾಗಿರಲಿ, ಹೊಸದು ಹಾಕಿಸಲು ಲಾರಿ ಮಾಲೀಕ ಒಪ್ಪದೇ ಇದ್ದಿರಲಿ. ಮಂಜನ ಮಾತು ಹೀಗಾಗುತ್ತದೆ: "ಇದು ಟೈರಲ್ಲ ರುದ್ರಣ್ಣ, ಧಣಿ ಉಳಿಸಿದ ದುಡ್ಡು." ಆರೋಪ ಹೊರಗಿನ ಕಂಪನಿಯನ್ನು ಬಿಟ್ಟು ನಿಮ್ಮದೇ ಕಥೆಯ ಮನುಷ್ಯನ ಮೇಲೆ ಬಂತು. ಮುಂದೆ ಶೋಭಾ ಅದೇ ಧಣಿಯ ಬಳಿ ಲಾರಿ ಕೇಳಲು ಹೋಗುವ ದೃಶ್ಯಕ್ಕೂ ಬಲ ಬಂತು.

ಮಂಜನ ಡೈಲಾಗುಗಳ ವಿಷಯದಲ್ಲಿ ಎರಡನ್ನು ಬೇರೆ ಮಾಡಿಕೊಳ್ಳಿ. "ಆ ಸಿನಿಮಾ ನೋಡಿ ಬಂದೆ" ಎಂದು ಅವನು ಚಿತ್ರದ ಹೆಸರು ಹೇಳುವುದರಲ್ಲಿ ಏನೂ ಇಲ್ಲ. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇರುವುದಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಒಮ್ಮೆ ಒಂದು ಸಣ್ಣ ಮಾತು ಉಲ್ಲೇಖಿಸುವುದರಲ್ಲೂ ಅಪಾಯ ಕಡಿಮೆ. ಆದರೆ ಮಂಜ ಹನ್ನೊಂದು ಸಲ ಒಬ್ಬನೇ ನಟನ ಮಾತು ಹೇಳುತ್ತಾನೆ, ಆ ನಟನ ದನಿಯನ್ನೇ ಅನುಕರಿಸುತ್ತಾನೆ, ಹಿಂದೆ ಗೋಡೆಯ ಮೇಲೆ ಅವನ ಪೋಸ್ಟರಿದೆ, ಟಿವಿಯಲ್ಲಿ ಅವನ ಚಿತ್ರ ಓಡುತ್ತಿದೆ. ಪೋಸ್ಟರಿಗೂ ಟಿವಿಯಲ್ಲಿ ಓಡುವ ತುಣುಕಿಗೂ ಬೇರೆಬೇರೆ ಅನುಮತಿ ಬೇಕು. ನಟರ ಹೆಸರು, ದನಿ, ಪ್ರಸಿದ್ಧ ಉದ್ಗಾರಗಳ ವಾಣಿಜ್ಯ ದುರ್ಬಳಕೆಯನ್ನು ತಡೆದ ಆದೇಶಗಳೂ ಬಂದಿವೆ. 2023ರಲ್ಲಿ ಅನಿಲ್ ಕಪೂರ್ ಅವರ ಅರ್ಜಿಯ ಮೇಲೆ ದೆಹಲಿ ಹೈಕೋರ್ಟ್ ಕೊಟ್ಟದ್ದು ಅಂಥದೇ. ವಿಡಂಬನೆ, ವಿಮರ್ಶೆಗೆ ಅವಕಾಶ ಇದ್ದೇ ಇದೆ. ಆದರೆ ಹನ್ನೊಂದು ಸಲ ಬಂದ ಅನುಕರಣೆಯನ್ನು ಟ್ರೈಲರಿನಲ್ಲೂ ಹಾಕಿದಾಗ ಅದನ್ನು ವಿಡಂಬನೆ ಎಂದು ವಾದಿಸುವುದು ಸುಲಭವಲ್ಲ.

ನನ್ನ ಸಲಹೆ: ಮಂಜನಿಗೆ ಕಥೆಯೊಳಗೇ ಇರುವ ಒಂದು ಸಿನಿಮಾ ಕಟ್ಟಿಕೊಡಿ. ಅದಕ್ಕೊಂದು ಹೆಸರು, ಒಬ್ಬ ನಾಯಕ, ಮಂಜ ಮರೆಯದ ಒಂದು ದೃಶ್ಯ, ಒಂದೇ ಒಂದು ಖಡಕ್ ಡೈಲಾಗ್ ಸಾಕು. ಹನ್ನೊಂದು ಬೇಡ, ನಾಲ್ಕು ಸಲ ಬಂದರೆ ಅದೇ ಹೆಚ್ಚು. ಮಂಜ ರುದ್ರಪ್ಪನ ಬಳಿ ಸಾಲ ಮಾಡಿ ತೀರಿಸದೆ ಇರುವವನು, ಅಲ್ಲವೇ? ಹಾಗಾದರೆ ಆ ನಾಯಕ ಹೀಗೆ ಹೇಳಿರಲಿ: "ಕೊಟ್ಟೋನು ಮರೀಬಹುದು ಕಣೋ, ಇಸ್ಕೊಂಡೋನ ನೆರಳು ಮರೆಯಲ್ಲ." ಮೊದಲ ಸಲ ಅವನು ಅದನ್ನು ಚಹಾ ಕುಡಿಯುತ್ತಾ ಮೀಸೆ ತಿರುವಿ ಹೇಳಲಿ, ಎಲ್ಲರೂ ನಗಲಿ. ಅಪಘಾತದ ನಂತರ ಹಾಸಿಗೆಯ ಪಕ್ಕ ಕೂತು ಅದನ್ನೇ ಶುರುಮಾಡಿ ಮುಗಿಸಲಾರದೆ ನಿಲ್ಲಲಿ. ನಿಜವಾದ ನಟನ ಡೈಲಾಗ್ ಆಗಿದ್ದರೆ ಆ ಹೊತ್ತಿಗೆ ಪ್ರೇಕ್ಷಕರು ಮಂಜನನ್ನು ಬಿಟ್ಟು ಆ ನಟನನ್ನು ನೆನೆಯುತ್ತಿದ್ದರು. ನೀವು ಇಡುವ ಚಿತ್ರದ ಹೆಸರನ್ನೂ ನಾಯಕನ ಹೆಸರನ್ನೂ ಒಮ್ಮೆ ಹುಡುಕಿ ನೋಡಿ, ಅಂಥ ಚಿತ್ರವೋ ನಟನೋ ಇದ್ದರೆ ಬದಲಿಸಿ.

ಇದೆಲ್ಲ ಚಿತ್ರೀಕರಣಕ್ಕೆ ಮುಂಚೆ ಮುಗಿಯಬೇಕು. ಕೆಲವು ವರ್ಷದ ಹಿಂದೆ ಒಂದು ತಂಡ ನನ್ನ ಬಳಿ ಬಂದದ್ದು ಸಂಕಲನ ಮುಗಿದ ಮೇಲೆ. ನಾಯಕಿ ಒಂದೇ ಉದ್ದನೆಯ ಶಾಟ್‌ನಲ್ಲಿ, ಮುಖ ಹತ್ತಿರದಿಂದ ಕಾಣುವಂತೆ, ಒಂದು ಹಳೇ ಹಾಡಿನ ಸಾಲು ಹಾಡಿದ್ದಳು. ಅನುಮತಿ ಖಂಡಿತ ಸಿಗುತ್ತದೆ ಎಂದು ನಾನೂ ನಂಬಿ ಭರವಸೆ ಕೊಟ್ಟೆ. ಸಿಗಲಿಲ್ಲ. ಹೊಸ ಸಾಲು ಬರೆದು ಡಬ್ ಮಾಡಿದೆವು, ತುಟಿ ಕೂಡಲಿಲ್ಲ. ಕೊನೆಗೆ ಅವಳ ಬೆನ್ನು ಕಾಣುವ ಇನ್ನೊಂದು ತುಣುಕನ್ನು ತಂದು ಅಂಟಿಸಿದರು. ಆ ನಟಿಯ ಮುಖದಲ್ಲಿ ಇದ್ದದ್ದು ಯಾರಿಗೂ ಕಾಣದೆ ಹೋಯಿತು, ಆ ಬೇಸರ ನನಗೆ ಇನ್ನೂ ಹೋಗಿಲ್ಲ. ಅಂದಿನಿಂದ ಸಹಿಯಾದ ಕಾಗದ ಕೈಗೆ ಬರುವವರೆಗೆ "ಸಿಗುತ್ತದೆ" ಎಂದು ಯಾರಿಗೂ ಹೇಳುವುದಿಲ್ಲ. ಹಳೇ ಹಾಡನ್ನು ಉಳಿಸಿಕೊಳ್ಳಲೇಬೇಕು ಎಂದು ಹಟ ಹಿಡಿದವರಿಗೆ, ಅದೇ ಶಾಟನ್ನು ಹೊಸ ಸಾಲಿನೊಂದಿಗೂ ಒಮ್ಮೆ ತೆಗೆದಿಟ್ಟುಕೊಳ್ಳಿ ಎನ್ನುತ್ತೇನೆ.

ಈ ವಾರ ಚಿತ್ರಕಥೆಯನ್ನು ಮೊದಲ ಪುಟದಿಂದ ಓದುತ್ತಾ ಒಂದು ಪಟ್ಟಿ ಮಾಡಿ. ಪುಟದ ಸಂಖ್ಯೆ, ಇರುವ ಸಾಲು, ಅದು ದೃಶ್ಯದಲ್ಲಿ ಮಾಡುವ ಕೆಲಸ, ಯಾರು ಗುರುತಿಸಬೇಕು, ಬದಲಿ ಏನು, ಕಾಗದ ಬಂದಿದೆಯೇ. ಹಾಡು, ಟೈರು, ಡೈಲಾಗ್ ಮಾತ್ರವಲ್ಲ, ಫೋನ್ ನಂಬರು, ಆಸ್ಪತ್ರೆಯ ಹೆಸರು, ಶೋಭಾಳ ಟೀ ಶರ್ಟಿನ ಮೇಲಿನ ಚಿತ್ರ, ಅವಳ ಫೋನಿನ ರಿಂಗ್‌ಟೋನ್ ಕೂಡ ಬರೆಯಿರಿ. ನಿಮ್ಮ 63ನೆಯ ಪುಟದಲ್ಲಿ ಒಂದು ರಿಂಗ್‌ಟೋನ್ ಇದೆ. ಅದೂ ಸಿನಿಮಾ ಹಾಡೇ, ಅದೂ ಮೂಲ ಧ್ವನಿಮುದ್ರಣವೇ, ಅಂದರೆ ಮೂರೂ ಹಕ್ಕುಗಳು ಒಟ್ಟಿಗೆ ಬೇಕು. ಪತ್ರದಲ್ಲಿ ನೀವು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಲ್ಲಿ ಫೋನು ಮೇಜಿನ ಮೇಲೆ ಅದುರಿದರೆ ಸಾಕು. ಚಿತ್ರವನ್ನು ಹೊರದೇಶದ ವಿತರಕರಿಗೆ ಮಾರುವಾಗ ಹಕ್ಕಿನ ದಾವೆ ಬಂದರೆ ವೆಚ್ಚ ಭರಿಸುವ ಎರರ್ಸ್ ಅಂಡ್ ಒಮಿಶನ್ಸ್ ವಿಮೆ ಕೇಳುವುದುಂಟು, ಆಗ ವಿಮೆಯವರು ಕೇಳುವ ದಾಖಲೆಯ ಬುನಾದಿಯೂ ಇದೇ ಪಟ್ಟಿ. ಅದನ್ನು ನಿರ್ಮಾಪಕರ ಮುಂದಿಟ್ಟು ಕೂತುಕೊಳ್ಳಿ. ಟೈರಿನ ಸಾಲು ಮತ್ತು ರಿಂಗ್‌ಟೋನ್ ಅಂದೇ ತೆಗೆಯಿರಿ. ಮಂಜನ ಸಿನಿಮಾ ಮತ್ತು ಹಾರನ್ನಿನ ಹಾಡು ಬರೆಯಲು ಮೂರು ವಾರ ಕೇಳಿ.